ಹತ್ತು ಗಂಟೆ ಮಲಗಿದರೂ ಸುಸ್ತೇಕೆ?

ಪ್ರಶ್ನೆ: ನನಗೆ 44 ವರ್ಷ. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದೇನೆ. ರಾತ್ರಿ ಹತ್ತಕ್ಕೆ ಮಲಗಿದರೆ ಬೆಳಿಗ್ಗೆ ಎಂಟಕ್ಕೇ ಏಳುವುದು. ಆದರೂ ಎದ್ದಾಗ ಮೈಯೆಲ್ಲ ಭಾರ, ಬಾಯಿ ಒಣಗಿರುತ್ತದೆ, ಎಷ್ಟೋ ದಿನ ತಲೆನೋವು. ಮಧ್ಯಾಹ್ನ ಗಲ್ಲಾಪೆಟ್ಟಿಗೆ ಮುಂದೆ ಕೂತಲ್ಲೇ ತೂಕಡಿಕೆ. ರಾತ್ರಿ ಎರಡು ಸಲ ಮೂತ್ರಕ್ಕೆ ಎಚ್ಚರವಾಗುತ್ತದೆ, ಸಕ್ಕರೆ ಕಾಯಿಲೆ ಮಾತ್ರ ಇಲ್ಲ. ಎರಡು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದೇನೆ. ರಕ್ತ, ಥೈರಾಯ್ಡ್ ಪರೀಕ್ಷೆ ನಾರ್ಮಲ್ ಬಂದವು, ಶಕ್ತಿ ಮಾತ್ರೆ ಕೊಟ್ಟು ಕಳಿಸಿದರು. ಗೊರಕೆ ಇದೆ, ಅದು ನಮ್ಮ ತಂದೆಯವರಿಗೂ ಇತ್ತು. ಮನೆಯಲ್ಲಿ ‘ಸೋಮಾರಿತನ’ ಅನ್ನುತ್ತಾರೆ. ಇಷ್ಟು ನಿದ್ದೆ ಮಾಡಿದರೂ ಸುಸ್ತು ಹೋಗದಿರಲು ಕಾರಣವೇನು?
– ಓದುಗರು, ದಾವಣಗೆರೆ

ಉತ್ತರ: ನೀವು ಹತ್ತು ಗಂಟೆ ಹಾಸಿಗೆಯಲ್ಲಿ ಇರುತ್ತೀರಿ ಎಂಬುದು ನಿಮ್ಮ ಪತ್ರದಿಂದ ಖಚಿತ. ಹತ್ತು ಗಂಟೆ ನಿದ್ದೆ ಮಾಡುತ್ತೀರಿ ಎಂದು ಮಾತ್ರ ಹೇಳಲಾಗುವುದಿಲ್ಲ. ಗೊರಕೆಯ ವಿಷಯವನ್ನು ಪತ್ರದ ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಮೊದಲು ನೋಡಬೇಕಾದದ್ದೇ ಅದು. ಗೊರಕೆ, ಒಣಬಾಯಿ, ಬೆಳಗಿನ ತಲೆನೋವು, ರಾತ್ರಿಯ ಮೂತ್ರ, ಬಿಪಿ, ಹಗಲಿನ ತೂಕಡಿಕೆ ಇವೆಲ್ಲ ಒಬ್ಬರಲ್ಲೇ ಸೇರಿದಾಗ ವೈದ್ಯರು ಮೊದಲು ಅನುಮಾನಿಸುವುದು ಸ್ಲೀಪ್ ಆಪ್ನಿಯಾವನ್ನು, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆಯನ್ನು. ಅದನ್ನು ಖಚಿತಪಡಿಸಿಕೊಳ್ಳಲು ಪರೀಕ್ಷೆಯೇ ಆಗಬೇಕು.

ಆಗುವುದು ಇಷ್ಟು. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಎಲ್ಲರಿಗೂ ಸಡಿಲವಾಗುತ್ತವೆ. ಕತ್ತು ದಪ್ಪಗಿದ್ದವರಿಗೆ, ಕೆಳದವಡೆ ಹಿಂದಕ್ಕೆ ಸರಿದವರಿಗೆ, ಟಾನ್ಸಿಲ್ ದೊಡ್ಡದಿರುವವರಿಗೆ ಅಲ್ಲಿ ಜಾಗ ಮೊದಲೇ ಕಡಿಮೆ. ಉಸಿರು ಎಳೆದಾಗ ನಾಲಿಗೆಯ ಬುಡ ಮತ್ತು ಮೆತ್ತಗಿನ ಅಂಗುಳ ಒಳಕ್ಕೆ ಕುಸಿದು ದಾರಿ ಮುಚ್ಚುತ್ತವೆ. ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ನೆನೆದು ಮೆತ್ತಗಾದ ಮೇಲೆ ಜೋರಾಗಿ ಹೀರಿದರೆ ಒಳಗೇ ಅಂಟಿಕೊಳ್ಳುತ್ತದಲ್ಲ, ಹಾಗೆ. ಎದೆ, ಹೊಟ್ಟೆ ಉಸಿರಿಗಾಗಿ ಹೆಣಗುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ಗಾಬರಿಯಿಂದ ಕೆಲವು ಸೆಕೆಂಡು ಎಚ್ಚರವಾಗಿ ಗಂಟಲನ್ನು ಬಿಗಿಮಾಡುತ್ತದೆ. ಗೊರ್ ಎಂದು ಜೋರಾಗಿ ಉಸಿರು ಬಂದು ಮತ್ತೆ ನಿದ್ದೆ.

ಈ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ಒಂದೇ ಸಮನೆ ಮಾಡಿದ ನಿದ್ದೆ. ಆದರೆ ನಿದ್ದೆಗೆ ಅದರದೇ ಒಂದು ಸರದಿ ಇದೆ. ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಸೇರಿ ಸುಮಾರು 90 ನಿಮಿಷಕ್ಕೆ ಒಂದು ಸುತ್ತು. ದಣಿವು ಆರಿಸುವುದರಲ್ಲಿ ಗಾಢ ನಿದ್ದೆಯ ಪಾಲು ದೊಡ್ಡದು. ಎರಡು ಮೂರು ನಿಮಿಷಕ್ಕೊಮ್ಮೆ ಮಿದುಳು ಮೇಲಕ್ಕೆ ಬಂದರೆ ಆ ಆಳಕ್ಕೆ ಇಳಿಯಲು ಸಮಯವೇ ಸಿಗುವುದಿಲ್ಲ. ಸಾಲದ್ದಕ್ಕೆ ದೇಹ ಇನ್ನೆರಡು ಗಂಟೆ ಮಲಗಿಸುತ್ತದೆ, ಆ ಎರಡು ಗಂಟೆಯೂ ಹಾಗೆಯೇ ಚೂರುಚೂರಾಗಿ ಹೋಗುತ್ತದೆ. ಇದನ್ನು ಸೋಮಾರಿತನ ಎನ್ನುವುದು ತಪ್ಪು.

ರಾತ್ರಿ ಮೂತ್ರಕ್ಕೆ ಏಳುವುದೂ ಇದರಿಂದಲೇ ಇರಬಹುದು. ಮುಚ್ಚಿದ ಗಂಟಲಿನ ಎದುರು ಉಸಿರೆಳೆಯುವಾಗ ಎದೆಯೊಳಗಿನ ಒತ್ತಡ ಏರುಪೇರಾಗಿ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಅಲ್ಲಿಂದ ಹೊರಡುವ ಒಂದು ಹಾರ್ಮೋನು ಹೆಚ್ಚು ಮೂತ್ರ ಮಾಡುವಂತೆ ಕಿಡ್ನಿಗೆ ಸೂಚಿಸುತ್ತದೆ. ಪ್ರತಿ ಸಲ ಉಸಿರು ಕಟ್ಟಿದಾಗಲೂ ರಕ್ತದೊತ್ತಡ ಜಿಗಿಯುವುದರಿಂದ, ವರ್ಷಗಳು ಕಳೆದಂತೆ ಬಿಪಿ ಹಗಲಿಗೂ ಮುಂದುವರಿಯುತ್ತದೆ.

ಆಸ್ಪತ್ರೆಗೆ ಹೋಗುವ ಮೊದಲು ಮನೆಯಲ್ಲೇ ಮೂರು ಕೆಲಸ ಮಾಡಿ. ಮೊದಲನೆಯದು, ಗೊರಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸುವುದು. ಬೆಳಗಿನ ಜಾವ ಮೂರರಿಂದ ಐದರ ನಡುವೆ, ನೀವು ಅಂಗಾತ ಮಲಗಿದ್ದಾಗ ಮಾಡಿದರೆ ಒಳ್ಳೆಯದು. ಕನಸಿನ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲೇ ಹೆಚ್ಚು, ಆಗಲೇ ಗಂಟಲು ಅತಿ ಸಡಿಲ. ಒಂದೇ ಲಯದ ಗೊರಕೆ ಕೇಳಿಸಿದರೆ ಅಷ್ಟು ಚಿಂತೆಯಿಲ್ಲ. ಗೊರಕೆ ಏರುತ್ತಾ ಹೋಗಿ, ತಟಕ್ಕನೆ ನಿಂತು, ಹತ್ತಿಪ್ಪತ್ತು ಸೆಕೆಂಡು ಏನೂ ಸದ್ದಿಲ್ಲದೆ, ಆಮೇಲೆ ಉಬ್ಬಸ ಬಂದಂತೆ ಜೋರಾಗಿ ಉಸಿರೆಳೆದರೆ ಅದು ಲಕ್ಷಣ. ಹೆಂಡತಿಯನ್ನು ಕೇಳುವಾಗ ‘ಗೊರಕೆ ಹೊಡೀತೀನಾ’ ಎನ್ನಬೇಡಿ, ‘ಗೊರಕೆ ಮಧ್ಯೆ ನಿಲ್ಲುತ್ತಾ’ ಎಂದು ಕೇಳಿ.

ಎರಡನೆಯದು, ಅಂಗಡಿಯ ಟೇಪಿನಲ್ಲೇ ಕತ್ತಿನ ಸುತ್ತಳತೆ ನೋಡಿಕೊಳ್ಳುವುದು. 40 ಸೆಂ.ಮೀ., ಅಂದರೆ ಹದಿನಾರು ಇಂಚಿನ ಹತ್ತಿರ ದಾಟಿದ್ದರೆ ಅನುಮಾನ ಬಲವಾಗುತ್ತದೆ. ಕಡಿಮೆ ಇದ್ದ ಮಾತ್ರಕ್ಕೆ ಅನುಮಾನ ಬಿಡುವಂತಿಲ್ಲ, ತೆಳ್ಳಗಿರುವವರಿಗೂ ಇದು ಬರುತ್ತದೆ.

ಮೂರನೆಯದು ತೂಕಡಿಕೆಯ ಲೆಕ್ಕ. ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಪ್ವರ್ತ್ ಮಾಪಕವನ್ನು ಇಂದಿಗೂ ವೈದ್ಯರು ಬಳಸುತ್ತಾರೆ. ಕೂತು ಓದುವಾಗ, ಟಿವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಒಂದು ಗಂಟೆ ಕಾರಿನಲ್ಲಿ ಪ್ರಯಾಣಿಕರಾಗಿ ಹೋಗುವಾಗ, ಮಧ್ಯಾಹ್ನ ಅಡ್ಡಾದಾಗ, ಯಾರ ಜೊತೆಗೋ ಕೂತು ಮಾತಾಡುವಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಟ್ರಾಫಿಕ್‌ನಲ್ಲಿ ಗಾಡಿ ನಿಂತಾಗ, ಹೀಗೆ ಎಂಟು ಸಂದರ್ಭಗಳು. ಜೋಂಪು ಹತ್ತುವ ಸಾಧ್ಯತೆ ಇಲ್ಲವೇ ಇಲ್ಲ ಎಂದರೆ ಸೊನ್ನೆ, ಸ್ವಲ್ಪ ಇದ್ದರೆ ಒಂದು, ಸಾಧಾರಣ ಎಂದರೆ ಎರಡು, ಹೆಚ್ಚು ಎಂದರೆ ಮೂರು. ಕೂಡಿದಾಗ 24ಕ್ಕೆ ಹತ್ತನ್ನು ದಾಟಿದರೆ ಹಗಲು ನಿದ್ದೆ ಮಿತಿಮೀರಿದೆ ಎಂದೇ ಅರ್ಥ.

ಈ ಲೆಕ್ಕದಿಂದ ಇನ್ನೊಂದು ಉಪಯೋಗವಿದೆ. ಕೂತಲ್ಲಿ ಕಣ್ಣು ಮುಚ್ಚಿಕೊಳ್ಳುವುದೇ ಬೇರೆ, ನಿದ್ದೆ ಬಾರದೆ ಬರೀ ಕೈಕಾಲು ಸೋಲುವುದೇ ಬೇರೆ. ಅಂಕ ಕಡಿಮೆ ಬಂದು ಸುಸ್ತು ಮಾತ್ರ ಹೆಚ್ಚಿದ್ದರೆ ಹುಡುಕಾಟದ ದಿಕ್ಕು ಬದಲಾಗುತ್ತದೆ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ, ಯಾರಲ್ಲಾದರೂ ಥೈರಾಯ್ಡ್ ಕೊರತೆ ಅಥವಾ ಬಿ12 ಕೊರತೆ ಇರಬಹುದು. ಬೆಳಿಗ್ಗೆ ಹಾಸಿಗೆ ಬಿಡಲು ಮನಸ್ಸೇ ಬಾರದೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡ ಎನಿಸಿದರೆ ಖಿನ್ನತೆಯ ಬಗ್ಗೆ ಯೋಚಿಸಬೇಕು. ಶೀತ, ಅಲರ್ಜಿ, ತುರಿಕೆಗೆ ದಿನಾ ನುಂಗುವ ಮಾತ್ರೆಗಳಲ್ಲಿ ಕೆಲವು ಮರುದಿನ ಮಧ್ಯಾಹ್ನದವರೆಗೂ ಮಂಪರು ಹಿಡಿಸುತ್ತವೆ. ವಾರವಿಡೀ ಐದು ಗಂಟೆ ಮಲಗಿ ಭಾನುವಾರ ಹತ್ತು ಗಂಟೆ ಮಲಗುವವರದು ಬಾಕಿ ತೀರಿಸುವ ನಿದ್ದೆ. ಇವರು ವಯಸ್ಕರಿಗೆ ಬೇಕಾದ ಏಳೆಂಟು ಗಂಟೆಯನ್ನು ದಿನವೂ ಕೊಟ್ಟರೆ ಎರಡು ಮೂರು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಹುಟ್ಟಿನಿಂದಲೇ ಒಂಬತ್ತು ಗಂಟೆ ನಿದ್ದೆ ಬೇಕಾದವರೂ ಇದ್ದಾರೆ. ಅಂಥವರು ಎದ್ದಾಗ ಹುರುಪಿನಿಂದ ಇರುತ್ತಾರೆ, ಅವರಿಗೆ ಚಿಕಿತ್ಸೆ ಬೇಕಿಲ್ಲ.

ನಿಮ್ಮ ವಿಷಯದಲ್ಲಿ ರಕ್ತ, ಥೈರಾಯ್ಡ್ ವರದಿಗಳು ಸರಿಯಾಗಿ ಬಂದಿವೆ. ಆದರೆ ಗಂಟಲು ಮುಚ್ಚುವುದನ್ನು ತೋರಿಸುವ ರಕ್ತ ಪರೀಕ್ಷೆ ಯಾವುದೂ ಇಲ್ಲ. ಅದಕ್ಕೆ ನಿದ್ದೆಯ ಪರೀಕ್ಷೆಯೇ ಆಗಬೇಕು. ಶ್ವಾಸಕೋಶ ತಜ್ಞರು ಅಥವಾ ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡರೆ ಬರೆದುಕೊಡುತ್ತಾರೆ. ಪ್ರಯೋಗಾಲಯದಲ್ಲಿ ಒಂದು ರಾತ್ರಿ ಮಲಗಿಸಿ ತಲೆಗೆ ತಂತಿ, ಮೂಗಿನ ಕೆಳಗೆ ನಳಿಕೆ, ಎದೆ-ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಮ್ಲಜನಕದ ಕ್ಲಿಪ್ ಹಾಕಿ ದಾಖಲಿಸುತ್ತಾರೆ. ಮನೆಯಲ್ಲೇ ಮಾಡುವ ಚಿಕ್ಕ ಪರೀಕ್ಷೆಯೂ ಇದೆ. ಅದರಲ್ಲಿ ತಲೆಯ ತಂತಿಗಳು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ನೀವು ಎಷ್ಟು ಹೊತ್ತು ನಿಜಕ್ಕೂ ನಿದ್ದೆಯಲ್ಲಿದ್ದಿರಿ ಎಂಬುದು ಗೊತ್ತಾಗದೆ, ತೊಂದರೆ ಇರುವುದಕ್ಕಿಂತ ಕಡಿಮೆ ಕಾಣಬಹುದು. ಮನೆಯ ಪರೀಕ್ಷೆ ನಾರ್ಮಲ್ ಬಂದು ಲಕ್ಷಣಗಳು ಉಳಿದರೆ ಪ್ರಯೋಗಾಲಯದ ಪರೀಕ್ಷೆ ಮಾಡಿಸಲೇಬೇಕು.

ವರದಿಯಲ್ಲಿ ಹತ್ತಾರು ಅಂಕಿ ಇರುತ್ತವೆ, ನೀವು ಮೊದಲು ನೋಡಬೇಕಾದದ್ದು ಎಎಚ್‌ಐ. ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ ಹತ್ತು ಸೆಕೆಂಡು ನಿಂತಿತು ಅಥವಾ ತಗ್ಗಿತು ಎಂಬ ಲೆಕ್ಕ ಅದು. ಉದಾಹರಣೆಗೆ, ಏಳು ಗಂಟೆಯ ನಿದ್ದೆಯಲ್ಲಿ 196 ಸಲ ಹೀಗಾಗಿದ್ದರೆ, ಏಳರಿಂದ ಭಾಗಿಸಿದಾಗ 28. ಅಂದರೆ ಎರಡು ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಸಲ. ಐದಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಜೊತೆಗೆ ಆಮ್ಲಜನಕ ಎಷ್ಟಕ್ಕೆ ಇಳಿಯಿತು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.

ಮಧ್ಯಮ, ತೀವ್ರ ಹಂತಕ್ಕೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಕಟಿಸಿದರು. ಮೂಗಿನ ಮಾಸ್ಕ್ ಮೂಲಕ ಬರುವ ಗಾಳಿಯ ಒತ್ತಡ ಗಂಟಲನ್ನು ಮುಚ್ಚಲು ಬಿಡುವುದಿಲ್ಲ. ಇದು ಆಮ್ಲಜನಕ ಕೊಡುವ ಯಂತ್ರವಲ್ಲ, ಕೋಣೆಯ ಗಾಳಿಯನ್ನೇ ಒತ್ತಿ ಕಳಿಸುತ್ತದೆ. ಕೆಲವರು ಇದನ್ನು ಮೊದಲ ತಿಂಗಳಲ್ಲೇ ಬಿಟ್ಟುಬಿಡುವುದು ಮಾಸ್ಕ್ ಮುಖಕ್ಕೆ ಹೊಂದದೆ ಗಾಳಿ ಸೋರಿ ಕಣ್ಣಿಗೆ ಹೊಡೆಯುವುದರಿಂದ, ಇಲ್ಲವೇ ಮೂಗು ಕಟ್ಟಿ ಬಾಯಿ ಒಣಗುವುದರಿಂದ. ಎರಡಕ್ಕೂ ಪರಿಹಾರವಿದೆ: ಬೇರೆ ಅಳತೆಯ ಮಾಸ್ಕ್, ಗಾಳಿಗೆ ತೇವ ಸೇರಿಸುವ ನೀರಿನ ತೊಟ್ಟಿ. ಸೌಮ್ಯ ಹಂತದಲ್ಲಿ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು ಎಲ್ಲ ಹಂತದಲ್ಲೂ ನೆರವಾಗುತ್ತವೆ. ಯಂತ್ರವನ್ನು ರಾತ್ರಿಯಿಡೀ ಬಳಸಿದರೂ ತೂಕಡಿಕೆ ಹೋಗದಿದ್ದರೆ ನಾರ್ಕೊಲೆಪ್ಸಿಯಂಥ ಅಪರೂಪದ ಕಾಯಿಲೆಗಳನ್ನು ನೋಡಬೇಕಾಗುತ್ತದೆ. ಅದಕ್ಕೆ ಹಗಲಿನಲ್ಲಿ ಮಾಡುವ ಬೇರೆ ಪರೀಕ್ಷೆ ಇದೆ.

ಪರೀಕ್ಷೆ ಆಗುವವರೆಗೆ ಎರಡು ವಿಷಯ ನೆನಪಿಡಿ. ನಿದ್ದೆ ಸರಿಯಾಗಲಿ ಎಂದು ನಿದ್ದೆ ಮಾತ್ರೆಯನ್ನಾಗಲಿ, ಮಲಗುವ ಮುಂಚೆ ಮದ್ಯವನ್ನಾಗಲಿ ತೆಗೆದುಕೊಳ್ಳಬೇಡಿ. ಮದ್ಯವೂ ಕೆಲವು ನಿದ್ದೆ ಮಾತ್ರೆಗಳೂ ಗಂಟಲನ್ನು ಇನ್ನಷ್ಟು ಸಡಿಲಿಸಿ ಉಸಿರು ಕಟ್ಟುವುದನ್ನು ಹೆಚ್ಚಿಸುತ್ತವೆ. ಇನ್ನು, ಕೂತಲ್ಲೇ ಜೋಂಪು ಹತ್ತುವವರು ಸ್ಟೇರಿಂಗ್ ಹಿಡಿಯುವುದು ಕುಡಿದು ಓಡಿಸುವಷ್ಟೇ ಅಪಾಯ. ಸರಕು ತರಲು ನೀವೇ ಗಾಡಿ ಓಡಿಸುವ ರೂಢಿ ಇದ್ದರೆ, ಪರೀಕ್ಷೆ ಆಗಿ ಚಿಕಿತ್ಸೆ ಹಿಡಿಯುವವರೆಗೂ ಬಸ್ಸಿನಲ್ಲೇ ಹೋಗಿಬನ್ನಿ.