3ರಿಂದ −8 ಕಳೆದಾಗ: ಬೋರ್ಡಿನ ಮೇಲೆ ನಾನು ಬರೆದ ತಪ್ಪು

ಕಿರುಪರೀಕ್ಷೆಗೆ ಎರಡು ದಿನ ಇರುವಾಗ ಪ್ರಥಮ ಪಿಯುಸಿಯ ಕೆಲವರಿಗೆ ನಂಬರ್ ಸಿಸ್ಟಮ್ ಪಾಠ ಹೇಳಿಕೊಡಲು ನಾನು ಒಪ್ಪಿಕೊಂಡಿದ್ದೆ. ನಮ್ಮದು ಸಿ.ಇ.ಬಿ.ಎ. ವಿಭಾಗ. ಅಕೌಂಟೆನ್ಸಿಯ ಜೊತೆಗೆ ಕಂಪ್ಯೂಟರ್ ಸೈನ್ಸ್ ಕೂಡ ಇದೆ. ಬೋರ್ಡಿನ ಮೇಲೆ ನಾನು ದೊಡ್ಡದಾಗಿ ಬರೆದ ನಿಯಮ ಇದು: "ಕಳೆಯುವ ಸಂಖ್ಯೆಯ ಟೂಸ್ ಕಾಂಪ್ಲಿಮೆಂಟ್ ತೆಗೆದು ಕೂಡಿಸಿ. ಕೂಡಿಸುವ ಎರಡೂ ಸಂಖ್ಯೆಗಳ ಚಿಹ್ನೆ ಬೇರೆಯಾಗಿದ್ದರೆ ಓವರ್‌ಫ್ಲೋ ಆಗುವುದೇ ಇಲ್ಲ." ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಪೆನ್ನು ಕೆಳಗಿಟ್ಟು ಕೇಳಿದಳು: "ಅಕ್ಕಾ, 3ರಿಂದ −8 ಕಳೆದರೆ?"

ಲೆಕ್ಕ ಮಾಡಿದೆ. ಉತ್ತರ −5 ಬಂತು. ನನ್ನ ನಿಯಮದ ಪ್ರಕಾರ ಓವರ್‌ಫ್ಲೋ ಇಲ್ಲ, ಆದ್ದರಿಂದ ಉತ್ತರ ಸರಿ ಇರಬೇಕು. ಆದರೆ ನಮ್ಮ ಅಬ್ಬಾ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ 8 ರೂಪಾಯಿ ಸಾಲವನ್ನು ಹೊಡೆದುಹಾಕಿದರೆ 8 ಜಮಾ ಆದಂತೆಯೇ. 3ರಿಂದ −8 ಕಳೆದರೆ 11 ಆಗಬೇಕು. "ನಾಳೆ ಹೇಳುತ್ತೇನೆ" ಎಂದು ಮನೆಗೆ ಬಂದೆ. ಆ ನಾಳೆಯ ಉತ್ತರವೇ ಈ ಬರಹ.

ಮೊದಲು ಮೂಲ ವಿಷಯ. ನಾಲ್ಕು ಬಿಟ್‌ಗಳ ಚಿಹ್ನೆಯುಳ್ಳ ಸಂಖ್ಯೆಯಲ್ಲಿ ಬಲದಿಂದ ಮೂರು ಸ್ಥಾನಗಳ ಬೆಲೆ 1, 2, 4. ಎಡತುದಿಯ ಸ್ಥಾನದ ಬೆಲೆ 8 ಅಲ್ಲ, −8. ಹಾಗಾಗಿ 0111 ಎಂದರೆ 7, 1000 ಎಂದರೆ −8, 1011 ಎಂದರೆ −8 + 3 = −5. ಇದರಲ್ಲಿ ಬರೆಯಬಹುದಾದದ್ದು −8ರಿಂದ 7ರವರೆಗೆ ಮಾತ್ರ. ಋಣದ ಕಡೆ ಒಂದು ಸಂಖ್ಯೆ ಹೆಚ್ಚಿದೆ: −8 ಇದೆ, +8 ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಡರ್ ಸರ್ಕ್ಯೂಟಿಗೆ ಕಳೆಯುವುದು ಗೊತ್ತಿಲ್ಲ, ಕೂಡುವುದಷ್ಟೇ ಗೊತ್ತು. A − B ಬೇಕಾದಾಗ B ಯ ನಾಲ್ಕೂ ಬಿಟ್‌ಗಳನ್ನು ಎಕ್ಸ್-ಆರ್ ಗೇಟುಗಳ ಮೂಲಕ ತಿರುಗಿಸುತ್ತಾರೆ, 0 ಇದ್ದಲ್ಲಿ 1, 1 ಇದ್ದಲ್ಲಿ 0. ಟೂಸ್ ಕಾಂಪ್ಲಿಮೆಂಟಿಗೆ ಬೇಕಾದ ಇನ್ನೊಂದು 1 ಅನ್ನು ಬಲತುದಿಯ ಕ್ಯಾರಿ ಒಳಬರುವ ಜಾಗದಲ್ಲಿ ಕೊಡುತ್ತಾರೆ. ಅಂದರೆ A, ತಿರುಗಿಸಿದ B ಮತ್ತು ಆ 1, ಈ ಮೂರೂ ಒಂದೇ ಸಲ ಕೂಡುತ್ತವೆ. 5 − 3 ಹೀಗೆ ಬರುತ್ತದೆ:

```
  0101     (5)
+ 1100     (0011 ತಿರುಗಿಸಿದ್ದು)
+    1
------
1 0010     (2)
```

ಎಡಗಡೆಗೆ ಒಂದು ಕ್ಯಾರಿ ಹೊರಗೆ ಬಿತ್ತು. ಅದನ್ನು ಬಿಟ್ಟರೆ ಉತ್ತರ 2, ಸರಿಯಾಗಿದೆ. "ಕ್ಯಾರಿ ಹೊರಗೆ ಬಂದರೆ ಓವರ್‌ಫ್ಲೋ" ಎಂದು ತಿಳಿದವರು ಇಲ್ಲೇ ಎಡವುತ್ತಾರೆ. ಈಗ 5 − (−4) ನೋಡಿ:

```
  0101     (5)
+ 0011     (1100 ತಿರುಗಿಸಿದ್ದು)
+    1
------
0 1001     (−7)
```

ಇಲ್ಲಿ ಕ್ಯಾರಿ ಹೊರಗೆ ಬರಲೇ ಇಲ್ಲ, ಆದರೂ ಉತ್ತರ ತಪ್ಪು. 9 ಬರಬೇಕಿತ್ತು, −7 ಬಂದಿದೆ. ಹೊರಗೆ ಬಂದ ಕ್ಯಾರಿಯೊಂದನ್ನೇ ನೋಡಿ ಓವರ್‌ಫ್ಲೋ ಹೇಳಲು ಆಗುವುದಿಲ್ಲ ಎನ್ನಲು ಈ ಎರಡು ಲೆಕ್ಕ ಸಾಕು.

ನೋಡಬೇಕಾದದ್ದು ಎಡತುದಿಯ ಕಂಬಸಾಲಿನಲ್ಲಿ ನಡೆಯುವುದನ್ನು. ಅದಕ್ಕೆ ಬಲಗಡೆಯಿಂದ ಬರುವ ಕ್ಯಾರಿಯ ನಿಜವಾದ ಬೆಲೆ +8, ಏಕೆಂದರೆ ಅದು ಮೂರು ಧನ ಸ್ಥಾನಗಳ ಮೊತ್ತ ತುಂಬಿ ಬಂದದ್ದು. ಆದರೆ ಆ ಕಂಬಸಾಲಿನ ಸ್ವಂತ ಬಿಟ್‌ಗಳ ಬೆಲೆ −8. ಮೂರು ಸಂದರ್ಭಗಳಿವೆ.

ಒಂದು, ಅಲ್ಲಿ ಒಂದು ಬಿಟ್ 1, ಇನ್ನೊಂದು 0. ಕ್ಯಾರಿ ಬಂದರೆ −8 ಮತ್ತು +8 ಸೇರಿ ಸೊನ್ನೆ. ಬಿಟ್ 0 ಆಗಿ ಕ್ಯಾರಿ ಹೊರಗೆ ಹೋಗುತ್ತದೆ, ಸರಿ. ಕ್ಯಾರಿ ಬರದಿದ್ದರೆ −8 ಹಾಗೇ ಉಳಿಯುತ್ತದೆ, ಅದೂ ಸರಿ. ಎರಡು, ಎರಡೂ ಬಿಟ್ 0. ಕ್ಯಾರಿ ಬಾರದಿದ್ದರೆ ತೊಂದರೆಯಿಲ್ಲ. ಬಂದರೆ +8 ಅನ್ನು ಬರೆಯಲು ಜಾಗವಿಲ್ಲದೆ ಅದು −8 ಎಂದು ದಾಖಲಾಗುತ್ತದೆ. ಮೂರು, ಎರಡೂ ಬಿಟ್ 1. ಕ್ಯಾರಿ ಬಂದರೆ −16 ಮತ್ತು +8 ಸೇರಿ −8 ಉಳಿಯುತ್ತದೆ, ಸರಿ. ಬಾರದಿದ್ದರೆ −16 ಪೂರ್ತಿ ಹೊರಗೆ ಬಿದ್ದು ಕಳೆದುಹೋಗುತ್ತದೆ.

ತಪ್ಪಾಗುವ ಎರಡು ಕಡೆ ಮಾತ್ರ ಒಳಗೆ ಬಂದ ಕ್ಯಾರಿ ಮತ್ತು ಹೊರಗೆ ಹೋದ ಕ್ಯಾರಿ ಬೇರೆ ಬೇರೆ ಇರುತ್ತವೆ. ಸರಿಯಾದ ಕಡೆಗಳಲ್ಲೆಲ್ಲ ಒಂದೇ ಇರುತ್ತವೆ. ಓವರ್‌ಫ್ಲೋ ನಿಯಮ ಇಷ್ಟೇ:

```
V = C3 XOR C4
```

C3 ಎಂದರೆ ಚಿಹ್ನೆಯ ಸ್ಥಾನಕ್ಕೆ ಬಂದ ಕ್ಯಾರಿ, C4 ಅಲ್ಲಿಂದ ಹೊರಗೆ ಹೋದ ಕ್ಯಾರಿ. 5 − 3ರಲ್ಲಿ ಎರಡೂ 1, ಹಾಗಾಗಿ V ಸೊನ್ನೆ. 5 − (−4)ರಲ್ಲಿ C3 = 1, C4 = 0, ಹಾಗಾಗಿ V = 1.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ನಾನು ಬೋರ್ಡಿನ ಮೇಲೆ ಮಾಡಿದ್ದು ಎರಡು ಹೆಜ್ಜೆಯ ಲೆಕ್ಕ. ಮೊದಲು −8ರ ಟೂಸ್ ಕಾಂಪ್ಲಿಮೆಂಟ್ ತೆಗೆದೆ. 1000 ತಿರುಗಿಸಿದರೆ 0111, ಒಂದು ಕೂಡಿದರೆ ಮತ್ತೆ 1000. ಆಮೇಲೆ ಅದನ್ನು 3ಕ್ಕೆ ಕೂಡಿದೆ:

```
  0011
+ 1000
------
0 1011     (−5)
```

C3 ಸೊನ್ನೆ, C4 ಸೊನ್ನೆ. ಚಿಹ್ನೆಗಳೂ ಬೇರೆ ಬೇರೆ. ಯಾವ ರೀತಿ ನೋಡಿದರೂ "ಓವರ್‌ಫ್ಲೋ ಇಲ್ಲ" ಎಂದೇ ಬರುತ್ತದೆ. ಇದೇ ಲೆಕ್ಕವನ್ನು ಸರ್ಕ್ಯೂಟ್ ಮಾಡುವಂತೆ ಒಂದೇ ಸಲ ಮಾಡಿದರೆ:

```
  0011
+ 0111
+    1
------
0 1011
```

ಉತ್ತರದ ಬಿಟ್‌ಗಳು ಅವೇ. ಆದರೆ ಬಲಗಡೆಯ ಮೂರು ಸ್ಥಾನಗಳಲ್ಲಿ 3 + 7 + 1 = 11 ಆಗುತ್ತದೆ, ಅದು 8 ದಾಟಿದ್ದರಿಂದ C3 = 1. ಚಿಹ್ನೆಯ ಸ್ಥಾನದಲ್ಲಿ ಎರಡೂ ಬಿಟ್ 0 ಇರುವುದರಿಂದ C4 = 0. V = 1, ಓವರ್‌ಫ್ಲೋ ಇದೆ ಎಂದು ಸರ್ಕ್ಯೂಟ್ ಸರಿಯಾಗಿಯೇ ಹೇಳುತ್ತದೆ.

ನನ್ನ ತಪ್ಪು ಎಲ್ಲಿ ನಡೆಯಿತು? −8ರ ವಿರುದ್ಧ ಸಂಖ್ಯೆ +8. ಅದು ನಾಲ್ಕು ಬಿಟ್‌ನಲ್ಲಿ ಇಲ್ಲವೇ ಇಲ್ಲ. 0111ಕ್ಕೆ 1 ಕೂಡಿದ ಕ್ಷಣದಲ್ಲೇ ಓವರ್‌ಫ್ಲೋ ಆಗಿತ್ತು. ಅದನ್ನು ನಾನು ಗಮನಿಸದೆ, +8 ಬರೆಯಬೇಕಾದಲ್ಲಿ −8 ಬರೆದುಕೊಂಡು ಎರಡನೇ ಹೆಜ್ಜೆಗೆ ಹೋದೆ. ಎರಡನೇ ಹೆಜ್ಜೆಗೆ ಮೊದಲ ಹೆಜ್ಜೆಯ ಸುದ್ದಿ ಗೊತ್ತಿರುವುದಿಲ್ಲ. ಒಂದು ಪುಟದ ಮೊತ್ತವನ್ನು ತಪ್ಪಾಗಿ ಮುಂದಿನ ಪುಟಕ್ಕೆ ತಂದರೆ, ಮುಂದಿನ ಪುಟದ ಕೂಡುವಿಕೆ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲವಲ್ಲ, ಹಾಗೆ.

ಇದರ ಉಲ್ಟಾ ಕೂಡ ಆಗುತ್ತದೆ. −3 − (−8) ಎಂದರೆ 5, ನಾಲ್ಕು ಬಿಟ್‌ಗೆ ಹಿಡಿಸುವ ಉತ್ತರ. ಎರಡು ಹೆಜ್ಜೆಯಲ್ಲಿ 1101 + 1000 ಮಾಡಿದರೆ ಉತ್ತರ 0101, ಸರಿ. ಆದರೆ C3 = 0, C4 = 1. ಸರಿಯಾದ ಉತ್ತರಕ್ಕೆ ಓವರ್‌ಫ್ಲೋ ಎಂಬ ಸುಳ್ಳು ದೂರು. ಒಂದೇ ಸಲ 1101 + 0111 + 1 ಮಾಡಿದರೆ C3, C4 ಎರಡೂ 1 ಬಂದು ದೂರು ಇಲ್ಲವಾಗುತ್ತದೆ.

ಇಂಥ ಲೆಕ್ಕಗಳು ಎಷ್ಟಿವೆ? A ಗೆ 16, B ಗೆ 16, ಒಟ್ಟು 256 ಜೋಡಿ. ಕೈಯಲ್ಲಿ ಮಾಡುವ ಬದಲು ಲ್ಯಾಬಿನಲ್ಲಿ ಪೈಥಾನ್‌ನಿಂದ ನೋಡಿದೆ. ಎರಡು ಹೆಜ್ಜೆಯ ವಿಧಾನ ತಪ್ಪು ಹೇಳುವ ಜೋಡಿಗಳನ್ನು ಮಾತ್ರ ಇದು ಮುದ್ರಿಸುತ್ತದೆ:

```python
for a in range(-8, 8):
    for b in range(-8, 8):
        x = a & 15
        n = (-b) & 15
        s = (x + n) & 15
        sa, sn, ss = x >> 3, n >> 3, s >> 3
        flag = (sa == sn) and (ss != sa)
        real = (a - b < -8) or (a - b > 7)
        if flag != real:
            print(a, b)
```

ಹದಿನಾರು ಸಾಲು ಬಂದವು. ಪ್ರತಿ ಸಾಲಿನಲ್ಲೂ B = −8. ಉಳಿದ 240 ಜೋಡಿಗಳಲ್ಲಿ ನನ್ನ ನಿಯಮ ಸರಿಯಾಗಿತ್ತು, ಅದಕ್ಕೇ ಇಷ್ಟು ದಿನ ಸಿಕ್ಕಿಬಿದ್ದಿರಲಿಲ್ಲ. ಈಗ ಎರಡು ಸಾಲು ಬದಲಿಸಿ ನೋಡಿ:

```python
        n = 15 - (b & 15)
        s = (x + n + 1) & 15
```

ಏನೂ ಮುದ್ರಣವಾಗುವುದಿಲ್ಲ. 256ಕ್ಕೆ 256 ಸರಿ.

ಪರೀಕ್ಷೆಯಲ್ಲಿ ಕ್ಯಾರಿ ಬರೆದುಕೊಳ್ಳಲು ಸಮಯವಿಲ್ಲದವರಿಗೆ ಚಿಹ್ನೆಯ ನಿಯಮವೂ ಇದೆ. ಆದರೆ ಅದನ್ನು ಕಾಂಪ್ಲಿಮೆಂಟ್ ತೆಗೆದ ಮೇಲೆ ಅಲ್ಲ, ಪ್ರಶ್ನೆಯಲ್ಲಿ ಕೊಟ್ಟ A ಮತ್ತು B ಮೇಲೆ ಹಾಕಬೇಕು. ಕಳೆಯುವಾಗ A, B ಗಳ ಚಿಹ್ನೆ ಒಂದೇ ಇದ್ದರೆ ಓವರ್‌ಫ್ಲೋ ಆಗದು. ಬೇರೆಯಾಗಿದ್ದು, ಉತ್ತರದ ಚಿಹ್ನೆ A ಯ ಚಿಹ್ನೆಗಿಂತ ಬೇರೆಯಾದರೆ ಓವರ್‌ಫ್ಲೋ. 3 − (−8)ರಲ್ಲಿ A ಧನ, B ಋಣ, ಉತ್ತರ 1011 ಋಣ. ಓವರ್‌ಫ್ಲೋ ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಬ್ರೆಡ್‌ಬೋರ್ಡಿನಲ್ಲಿ ಮಾಡಿ ನೋಡುವವರಿಗೆ ಒಂದು ಮಾತು. ನಾಲ್ಕು ಬಿಟ್ ಕೂಡಲು ಬಳಸುವ 7483 ಐಸಿಯಲ್ಲಿ C4ಗೆ ಪಿನ್ ಇದೆ, C3 ಒಳಗೇ ಉಳಿಯುತ್ತದೆ. ಆದರೂ ಅದನ್ನು ಹೊರಗಿನಿಂದ ಲೆಕ್ಕ ಹಾಕಬಹುದು. ಚಿಹ್ನೆಯ ಸ್ಥಾನದ ಮೊತ್ತದ ಬಿಟ್ ಎಂದರೆ ಅಲ್ಲಿಗೆ ಬಂದ ಮೂರರ ಎಕ್ಸ್-ಆರ್. ಆದ್ದರಿಂದ:

```
C3 = A3 XOR Y3 XOR S3
V  = A3 XOR Y3 XOR S3 XOR C4
```

Y3 ಎಂದರೆ ಎಕ್ಸ್-ಆರ್ ಗೇಟಿನಿಂದ ಹೊರಬಂದ, ತಿರುಗಿಸಿದ ಬಿಟ್. ವೈರನ್ನು ಅಲ್ಲಿಂದಲೇ ತೆಗೆಯಬೇಕು. B ಯ ಮೂಲ ಬಿಟ್‌ನಿಂದ ತೆಗೆದರೆ ಕಳೆಯುವಾಗಲೆಲ್ಲ V ತಲೆಕೆಳಗಾಗಿ ಕಾಣುತ್ತದೆ.

ಮರುದಿನ ಬೋರ್ಡಿನ ಮೇಲಿದ್ದ ನನ್ನ ನಿಯಮವನ್ನು ಅಳಿಸಿ, ಎರಡು ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿ ಬರೆದೆ. ಬರೆದುಕೊಂಡವರೆಲ್ಲ ತಮ್ಮ ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದುಹಾಕಿದರು. ಪ್ರಶ್ನೆ ಕೇಳಿದ್ದ ಹುಡುಗಿ ಆ ಸಾಲನ್ನು ಮೊದಲೇ ಬರೆದುಕೊಂಡಿರಲಿಲ್ಲ. ಆ ದಿನ ನೀವು ಬಂದಿದ್ದು ನಿಮ್ಮ ನೋಟ್‌ಬುಕ್ಕಿನಲ್ಲಿ ಅದು ಇನ್ನೂ ಇದ್ದರೆ, ಇಂದೇ ಹೊಡೆದುಹಾಕಿ.