ಕೆಂಪು ಚೇಳಿನ ವಿಷವೂ ಅಡ್ರಿನಲ್ ಗ್ರಾಹಕಗಳೂ

ದೇವದುರ್ಗ, ಮಾನ್ವಿಗಳ ಹೊಲದ ಬದುವಿನಲ್ಲಿ ಕೆಂಪು ಚೇಳು ಕುಟುಕಿ ರಾಯಚೂರಿನ ಆಸ್ಪತ್ರೆಗೆ ಬರುವ ರೋಗಿಯ ದೇಹದಲ್ಲಿ, ವಿಷವು ಸಿಂಪಥೆಟಿಕ್ ನರಗಳನ್ನೂ, ಸುಮಾರು ಶೇ. 80 ಅಡ್ರಿನಲಿನ್, ಉಳಿದಂತೆ ಬಹುಪಾಲು ನಾರ್‌ಅಡ್ರಿನಲಿನ್ ಸ್ರವಿಸುವ ಅಡ್ರಿನಲ್ ಮೆಡುಲ್ಲಾವನ್ನೂ ಕೆರಳಿಸುವುದರಿಂದ, ಗ್ರಾಹಕಗಳ ಕಾರ್ಯವು ಕಣ್ಣಿಗೆ ಕಾಣುವಂತೆ ಪ್ರಕಟವಾಗುತ್ತದೆ. ಆಲ್ಫಾ-1 ಗ್ರಾಹಕವು ಚರ್ಮ, ಕರುಳುಗಳ ರಕ್ತನಾಳಗಳನ್ನು ಸಂಕೋಚಿಸಲು ಕೈಕಾಲು ತಣ್ಣಗಾಗಿ ರಕ್ತದೊತ್ತಡವೇರುವುದು; ಹೃದಯದ ಬೀಟಾ-1 ಬಡಿತವನ್ನು ತೀವ್ರಗೊಳಿಸುವುದು; ಮೇದೋಜೀರಕದ ಆಲ್ಫಾ-2 ಇನ್ಸುಲಿನ್ನನ್ನು ತಡೆಯುವುದು. ಶ್ವಾಸನಾಳವನ್ನೂ ಸ್ನಾಯುಗಳ ರಕ್ತನಾಳವನ್ನೂ ಹಿಗ್ಗಿಸುವ ಬೀಟಾ-2ರ ಮೇಲೆ ಅಡ್ರಿನಲಿನ್ನೇ ಪ್ರಬಲ, ನಾರ್‌ಅಡ್ರಿನಲಿನ್ ಅತಿ ದುರ್ಬಲ. ಚಿಕಿತ್ಸೆಯಲ್ಲಿ ಬೀಟಾ ತಡೆಯನ್ನೇ ಕೊಟ್ಟರೆ ಆಲ್ಫಾ ಸಂಕೋಚನವು ನಿರಂಕುಶವಾಗಿ, ಬಳಲಿದ ಹೃದಯ ಕುಸಿಯಬಹುದಾದುದರಿಂದ, ಮಹಾರಾಷ್ಟ್ರದ ಮಹಾಡಿನ ವೈದ್ಯ ಹಿಮ್ಮತರಾವ್ ಬಾವಸ್ಕರರು ಬಳಕೆಗೆ ತಂದುದು ಆಲ್ಫಾ-1 ತಡೆಯುವ ಪ್ರಾಜೋಸಿನ್ನನ್ನು.