ಇನ್ವರ್ಟರ್ ಬ್ಯಾಟರಿ: ಕೊಳ್ಳುವ ಮುನ್ನ ಲೆಕ್ಕ, ಕೊಂಡ ಮೇಲೆ ನೀರು

ಅಂಗಡಿಗೆ ಹೋಗಿ ‘ಮನೆಗೊಂದು ಬ್ಯಾಟರಿ ಬೇಕು’ ಎಂದರೆ ‘150 ಎಎಚ್ ಟ್ಯೂಬುಲರ್ ಹಾಕಿಸಿಬಿಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಬ್ಯಾಟರಿ ನಿಮ್ಮ ಮನೆಗೆ ಎಷ್ಟು ಹೊತ್ತು ಬರುತ್ತದೆ ಎನ್ನುವುದು ಮಾತ್ರ ನೀವು ಏನೇನು ಹಾಕಿರುತ್ತೀರಿ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೊರಡುವುದು ಒಳ್ಳೆಯದು.

1. ಲೋಡ್ ಕೂಡಿಸಿ

ಕರೆಂಟ್ ಹೋದಾಗ ಒಟ್ಟಿಗೆ ನಡೆಯಲೇಬೇಕಾದವುಗಳನ್ನು ಮಾತ್ರ ಬರೆದುಕೊಳ್ಳಿ. ಎರಡು ಬೆಡ್‌ರೂಮಿನ ಒಂದು ಮನೆಯನ್ನು ತೆಗೆದುಕೊಳ್ಳೋಣ. 75 ವಾಟ್‌ನ ಮೂರು ಫ್ಯಾನಿಗೆ 225, 9 ವಾಟ್‌ನ ಐದು ಎಲ್‌ಇಡಿ ಬಲ್ಬಿಗೆ 45, ಟಿವಿಗೆ 70, ವೈಫೈ ರೂಟರಿಗೆ 10. ಒಟ್ಟು 350 ವಾಟ್. ಮಿಕ್ಸಿ, ಗೀಸರ್, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು ಈ ಪಟ್ಟಿಗೆ ಬರಬಾರದು.

2. ಗಂಟೆಯ ಲೆಕ್ಕ

150 ಎಎಚ್ ಅನ್ನು 12 ವೋಲ್ಟ್‌ನಿಂದ ಗುಣಿಸಿದರೆ 1800. ಅದನ್ನು 350ರಿಂದ ಭಾಗಿಸಿದರೆ ಐದು ಗಂಟೆ ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಇನ್ವರ್ಟರ್ ತಾನೇ ಸ್ವಲ್ಪ ವಿದ್ಯುತ್ ತಿನ್ನುತ್ತದೆ. ಅದಲ್ಲದೆ ಬ್ಯಾಟರಿಯ ಮೇಲೆ ‘ಸಿ20’ ಎಂದು ಬರೆದಿದ್ದರೆ, 20 ಗಂಟೆ ನಿಧಾನವಾಗಿ, ಅಂದರೆ ಸುಮಾರು 90 ವಾಟ್‌ನಂತೆ ಬಳಸಿದಾಗ ಮಾತ್ರ 150 ಎಎಚ್ ಸಿಗುತ್ತದೆ ಎಂದರ್ಥ. ಬೇಗ ಬೇಗ ಎಳೆದರೆ ಸಿಗುವುದು ಕಡಿಮೆ. ಆದ್ದರಿಂದ 1800ರಲ್ಲಿ ಶೇ 70ರಷ್ಟು, ಅಂದರೆ 1260 ಮಾತ್ರ ನಮ್ಮದು ಎಂದುಕೊಳ್ಳಿ. ಆಗ ಈ ಮನೆಗೆ ಸಿಗುವುದು ಮೂರೂವರೆ ಗಂಟೆ. ಬ್ಯಾಟರಿ ಹಳತಾದಂತೆ ಅದೂ ಇಳಿಯುತ್ತದೆ.

ಎರಡು ಬ್ಯಾಟರಿಗಳ ಬೆಲೆ ಹೋಲಿಸುವಾಗ ಎರಡರಲ್ಲೂ ‘ಸಿ20’ ಎಂದೇ ಇದೆಯೇ ನೋಡಿ. ‘ಸಿ10’ ಎಂದು ಬರೆದ 150 ಎಎಚ್ ಬ್ಯಾಟರಿಯ ನಿಜವಾದ ಸಾಮರ್ಥ್ಯ ಹೆಚ್ಚು.

3. ದೊಡ್ಡದಕ್ಕೆ ಹೋಗುವ ಮುನ್ನ

ಇದೇ ಮನೆಗೆ ನಾಲ್ಕು ಗಂಟೆ ಬೇಕೆಂದರೆ ಸುಮಾರು 167 ಎಎಚ್ ಬೇಕಾಗುತ್ತದೆ. ಅಂದರೆ 180 ಎಎಚ್ ಬ್ಯಾಟರಿ ಕೊಳ್ಳಬೇಕು. ಇನ್ನೊಂದು ದಾರಿಯೂ ಇದೆ. ಮೂರು ಫ್ಯಾನುಗಳನ್ನು 30 ವಾಟ್‌ನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ ಲೋಡ್ 215ಕ್ಕೆ ಇಳಿಯುತ್ತದೆ. ಆಗ 150 ಎಎಚ್ ಬ್ಯಾಟರಿಯೇ ಆರು ಗಂಟೆಯ ಹತ್ತಿರ ಬರುತ್ತದೆ.

ಬ್ಯಾಟರಿ ದೊಡ್ಡದಾದಷ್ಟೂ ಚಾರ್ಜ್ ಆಗಲು ಹೆಚ್ಚು ಹೊತ್ತು ಬೇಕು. 10 ಆಂಪಿಯರ್ ಚಾರ್ಜರ್ ಇರುವ ಇನ್ವರ್ಟರ್ ಪೂರ್ತಿ ಖಾಲಿಯಾದ 200 ಎಎಚ್ ಬ್ಯಾಟರಿಯನ್ನು ತುಂಬಲು 20 ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಬಂದು ಹೋಗುವ ಮಲೆನಾಡಿನ ಊರುಗಳಲ್ಲಿ ಇಷ್ಟು ಹೊತ್ತು ಸಿಗುವುದಿಲ್ಲ. ಅರೆಬರೆ ಚಾರ್ಜಿನಲ್ಲೇ ಉಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಆಯಸ್ಸು ಕುಗ್ಗುತ್ತದೆ. ನಿಮ್ಮ ಇನ್ವರ್ಟರ್ ಎಷ್ಟು ಎಎಚ್‌ವರೆಗೆ ತಾಳುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿ.

4. ನೀರು ಹಾಕುವ ಕ್ರಮ

12 ವೋಲ್ಟ್ ಬ್ಯಾಟರಿಗೆ ಆರು ಸೆಲ್, ಒಂದೊಂದಕ್ಕೂ ಒಂದು ಮುಚ್ಚಳ. ಟ್ಯೂಬುಲರ್ ಬ್ಯಾಟರಿಯಲ್ಲಿ ಮುಚ್ಚಳದ ಮೇಲೆ ಒಂದು ತೇಲುಕಡ್ಡಿ ಇರುತ್ತದೆ. ಕಡ್ಡಿ ಕೆಂಪು ಗುರುತಿಗೆ ಇಳಿದರೆ ನೀರು ಬೇಕು ಎಂದರ್ಥ. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಮೊದಲು ಇನ್ವರ್ಟರನ್ನೂ ಅದರ ಪ್ಲಗ್ಗನ್ನೂ ಆಫ್ ಮಾಡಿ. ಹತ್ತಿರದಲ್ಲಿ ದೀಪ, ಬೆಂಕಿ ಇರಬಾರದು. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ಆಲಿಕೆಯಿಂದ ಡಿಸ್ಟಿಲ್ಡ್ ವಾಟರ್ ಸ್ವಲ್ಪಸ್ವಲ್ಪವೇ ಹಾಕಿ. ಹಸಿರು ಗುರುತು ಕಂಡ ಕೂಡಲೇ ನಿಲ್ಲಿಸಿ. ಅದಕ್ಕಿಂತ ಹೆಚ್ಚಾದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಟರ್ಮಿನಲ್ ಮತ್ತು ನೆಲವನ್ನು ಹಾಳು ಮಾಡುತ್ತದೆ. ಬೋರ್‌ವೆಲ್ ನೀರಾಗಲಿ, ಆರ್‌ಒ ನೀರಾಗಲಿ ಬೇಡ. ಅದರಲ್ಲಿರುವ ಲವಣಗಳು ಪ್ಲೇಟಿಗೆ ಹಾನಿ. ಆಸಿಡ್ ಅಂತೂ ಹಾಕಲೇಬೇಡಿ. ಆವಿಯಾಗಿ ಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಉಳಿದಿರುತ್ತದೆ.

5. ನೀರೇ ಹೇಳುವ ರೋಗ

ಆರೂ ಸೆಲ್‌ಗಳಲ್ಲಿ ಪದೇ ಪದೇ ನೀರು ಇಳಿದರೆ ಚಾರ್ಜಿಂಗ್ ಹೆಚ್ಚಾಗುತ್ತಿರಬಹುದು. ಇನ್ವರ್ಟರಿನ ಬ್ಯಾಟರಿ ಆಯ್ಕೆಯ ಸ್ವಿಚ್ ಸರಿಯಾಗಿ ‘ಟ್ಯೂಬುಲರ್’ ಕಡೆ ಇದೆಯೇ ನೋಡಿ. ಒಂದೇ ಸೆಲ್ ಮಾತ್ರ ಉಳಿದವಕ್ಕಿಂತ ಬೇಗ ನೀರು ಕುಡಿದು, ಬ್ಯಾಕಪ್ಪೂ ದಿಢೀರನೆ ಇಳಿದಿದ್ದರೆ ಆ ಸೆಲ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹೈಡ್ರೋಮೀಟರ್ ಹಾಕಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಪೂರ್ತಿ ಚಾರ್ಜಿನ ನಂತರವೂ ಆ ಸೆಲ್‌ನ ಅಂಕಿ ಉಳಿದವುಗಳಿಗಿಂತ ತೀರಾ ಕಡಿಮೆ ಬಂದರೆ ನೀರು ಹಾಕಿ ಪ್ರಯೋಜನವಿಲ್ಲ. ವಾರಂಟಿ ಕಾರ್ಡ್, ಬಿಲ್ ಹುಡುಕಿ ತೆಗೆಯಿರಿ. ಅವಧಿ ಇನ್ನೂ ಇದ್ದರೆ ಹೊಸ ಬ್ಯಾಟರಿಯ ಖರ್ಚು ಉಳಿಯಬಹುದು.